'ಕೂಗಳತೆ ದೂರ' ಅಂತ ಬರೆದವನು ನಾನೇ: ಅಪಾರ್ಟ್‌ಮೆಂಟ್ ವಿಡಿಯೋಗೆ ಸುಳ್ಳಿಲ್ಲದ ಮಾತು ಬರೆಯೋದು ಹೇಗೆ?

ನಮ್ಮ ಚಿಕ್ಕಮ್ಮ ನಿವೃತ್ತಿಯ ದುಡ್ಡೆಲ್ಲ ಸೇರಿಸಿ ಬೆಂಗಳೂರಿನ ಅಂಚಿನಲ್ಲಿ ಒಂದು ಫ್ಲ್ಯಾಟ್ ಕೊಂಡರು. ಗೃಹಪ್ರವೇಶದ ದಿನ ಊಟ ಮುಗಿದ ಮೇಲೆ ನನ್ನನ್ನು ಬಾಲ್ಕನಿಗೆ ಕರೆದು, "ಎಲ್ಲಿ, ಇಲ್ಲಿ ನಿಂತ್ಕೊಂಡು ಒಂದ್ಸಲ ಜೋರಾಗಿ ಕೂಗೋ. ಮೆಟ್ರೋ ಸ್ಟೇಷನ್‌ನಲ್ಲಿ ಇರೋರಿಗೆ ಕೇಳುತ್ತಾ ನೋಡೋಣ" ಅಂದರು. ನಗುತ್ತಲೇ ಅಂದರು. ಆದರೆ ನನಗೆ ನಗು ಬರಲಿಲ್ಲ.

ಯಾಕಂದ್ರೆ ಆ ಪ್ರಾಜೆಕ್ಟಿನ ವಾಕ್‌ಥ್ರೂ ವಿಡಿಯೋಗೆ ವಾಯ್ಸ್‌ಓವರ್ ಬರೆದವನು ನಾನೇ. "ಮೆಟ್ರೋ ನಿಮ್ಮ ಮನೆಯಿಂದ ಕೂಗಳತೆ ದೂರದಲ್ಲಿ" ಅನ್ನೋ ಸಾಲು ನನ್ನದೇ. ನಿಲ್ದಾಣ ಅಲ್ಲಿಂದ ಎಷ್ಟು ದೂರ ಅಂತ ನಾನು ಅಳೆದಿರಲಿಲ್ಲ, ಕೇಳಿಯೂ ಇರಲಿಲ್ಲ. 'ಹತ್ತಿರ' ಅಂತ ಬ್ರೀಫ್‌ನಲ್ಲಿತ್ತು, ನಾನು ಅದಕ್ಕೊಂದು ಚಂದದ ಕನ್ನಡ ಪದ ಹುಡುಕಿದ್ದೆ, ಅಷ್ಟೇ. ಆಮೇಲೆ ಅಳೆದಾಗ ಎರಡೂವರೆ ಕಿಲೋಮೀಟರ್ ಬಂತು. ಮಂಡಿನೋವಿನ ಚಿಕ್ಕಮ್ಮ ಪ್ರತಿಸಲ ಆಟೋದವರ ಜೊತೆ ಚೌಕಾಸಿ ಮಾಡಬೇಕು.

ಅವತ್ತಿನಿಂದ ನಾನು ಈ ಕೆಲಸ ಬಿಡಲಿಲ್ಲ. ಮಾಡೋ ರೀತಿ ಬದಲಿಸಿಕೊಂಡೆ. ಅದು ಹೇಗೆ ಅನ್ನೋದನ್ನ, ಇತ್ತೀಚೆಗೆ ನಾನೇ ಬರೆದ ಒಂದು ಸ್ಕ್ರಿಪ್ಟ್ ಇಟ್ಟುಕೊಂಡು ಹೇಳ್ತೀನಿ. ಬರೆಯುವವರಿಗೆ ಇದು ಕೆಲಸಕ್ಕೆ ಬರುತ್ತೆ. ಮನೆ ಹುಡುಕುತ್ತಿರುವವರಿಗೆ ಇನ್ನೂ ಹೆಚ್ಚು ಕೆಲಸಕ್ಕೆ ಬರುತ್ತೆ ಅನ್ನೋದು ನನ್ನ ನಂಬಿಕೆ.

ಚಿತ್ರಕ್ಕೆ 'ಇನ್ನೂ ಇಲ್ಲ' ಅಂತ ಹೇಳೋಕೆ ಬರಲ್ಲ

ವಾಕ್‌ಥ್ರೂ ವಿಡಿಯೋ ಸಾಮಾನ್ಯವಾಗಿ ಕಟ್ಟಡ ಎದ್ದು ನಿಲ್ಲುವ ಮೊದಲೇ ತಯಾರಾಗುತ್ತೆ. ಸೈಟ್‌ನಲ್ಲಿ ಪಾಯ ತೋಡ್ತಿರ್ತಾರೆ, ಅಥವಾ ಬರೀ ತಗಡಿನ ಬೇಲಿ ಇರುತ್ತೆ. ಆದರೆ ವಿಡಿಯೋದಲ್ಲಿ ಮಕ್ಕಳು ಸೈಕಲ್ ತುಳಿಯುತ್ತಿರುತ್ತಾರೆ, ಬಾಲ್ಕನಿಯ ತುಳಸಿ ಗಿಡದ ಮೇಲೆ ಬೆಳಗಿನ ಬಿಸಿಲು ಬಿದ್ದಿರುತ್ತೆ. ಎಲ್ಲವೂ ಕಂಪ್ಯೂಟರ್‌ನಲ್ಲಿ ಕಟ್ಟಿದ ಲೋಕ.

ಆ ಲೋಕದಲ್ಲಿ ಒಂದು ಸಣ್ಣ ಕೋಣೆಯನ್ನು ದೊಡ್ಡದಾಗಿ ಕಾಣಿಸೋದು ಬಹಳ ಸುಲಭ. ಒಂದು, ವೈಡ್ ಆ್ಯಂಗಲ್ ಹಾಕ್ತಾರೆ. ಎದುರಿನ ಗೋಡೆ ಇರೋದಕ್ಕಿಂತ ದೂರ ಸರಿದ ಹಾಗೆ ಕಾಣುತ್ತೆ. ಎರಡು, ಹಿಂದಿನ ಗೋಡೆಯನ್ನೇ ಮಾಯ ಮಾಡಿ ಕ್ಯಾಮೆರಾವನ್ನು ಗೋಡೆಯಾಚೆ ಇಡ್ತಾರೆ. ಅಂದರೆ ನೀವು ನೋಡ್ತಿರೋದು ಪಕ್ಕದ ಮನೆಯಲ್ಲಿ ನಿಂತು ನೋಡಿದ ನೋಟ. ಮೂರು, ಮಂಚ, ಸೋಫಾಗಳನ್ನು ಕೊಂಚ ಕುಗ್ಗಿಸಿ ಇಡ್ತಾರೆ. ಕಣ್ಣು ಕೋಣೆಯನ್ನು ಅಳೆಯೋದು ಮಂಚದ ಲೆಕ್ಕದಲ್ಲಿ. ಮಂಚ ಚಿಕ್ಕದಾದರೆ ಕೋಣೆ ತಾನಾಗೇ ದೊಡ್ಡದಾಗುತ್ತೆ.

ಕೊನೆಯಲ್ಲಿ ಎರಡು ಸೆಕೆಂಡ್ 'ಇದು ಕಲಾವಿದರ ಕಲ್ಪನೆ' ಅಂತ ಚಿಕ್ಕಕ್ಷರ ಬಂದು ಹೋಗುತ್ತೆ. ಮೊಬೈಲ್‌ನಲ್ಲಿ ಅದನ್ನು ಓದಿದವರನ್ನು ನಾನಂತೂ ಕಂಡಿಲ್ಲ.

ಇಲ್ಲೇ ವಾಯ್ಸ್‌ಓವರ್‌ನ ಜವಾಬ್ದಾರಿ ಶುರುವಾಗೋದು. ಚಿತ್ರ ಎಲ್ಲವನ್ನೂ 'ಇದೆ' ಅಂತಲೇ ತೋರಿಸುತ್ತೆ. ಅದಕ್ಕೆ ನಾಳೆ ಗೊತ್ತಿಲ್ಲ, ಅಳತೆ ಗೊತ್ತಿಲ್ಲ. ಇದು ಇಷ್ಟು ಅಡಿ, ಇದು ಇನ್ನೂ ಕಟ್ಟಿಲ್ಲ, ಇದು ನಮ್ಮ ಕೈಯಲ್ಲಿಲ್ಲ ಅಂತ ಹೇಳೋಕೆ ಆಗೋದು ಮಾತಿಗೆ ಮಾತ್ರ. ಆ ವಿಡಿಯೋದಲ್ಲಿ ನಿಜ ಹೇಳುವ ಶಕ್ತಿ ಇರೋದು ದನಿಗೆ. ಅದನ್ನು 'ಕನಸಿನ ಮನೆ', 'ಐಷಾರಾಮಿ ಬದುಕು' ಅನ್ನೋದಕ್ಕೇ ಖರ್ಚು ಮಾಡಿದರೆ ನೋಡುಗರಿಗೆ ಬೇರೆ ದಾರಿ ಉಳಿಯಲ್ಲ.

ಬರೆಯುವ ಮೊದಲು ಕೇಳಬೇಕಾದ ಕಾಗದಗಳು

ನಾನು ಬರೆದ ಪ್ರಾಜೆಕ್ಟ್ ಬೆಂಗಳೂರಿನ ಪೂರ್ವದ ಅಂಚಿನಲ್ಲಿದೆ. ಎರಡು ಟವರ್, 180 ಮನೆ. ವಿಡಿಯೋ ಮೂರು ನಿಮಿಷದ್ದು, ತೋರಿಸೋದು ಒಂದು ಎರಡು ಬೆಡ್‌ರೂಮಿನ ಮನೆ. ಸದ್ದಿಲ್ಲದ ಚಿತ್ರ ಮತ್ತು ಅರ್ಧ ಪುಟದ ಬ್ರೀಫ್ ನನ್ನ ಕೈಗೆ ಬಂತು. ಬ್ರೀಫ್‌ನಲ್ಲಿದ್ದದ್ದು: '1,180 ಚದರಡಿ, ವಿಶಾಲ, ಮೆಟ್ರೋಗೆ 5 ನಿಮಿಷ, 24 ಗಂಟೆ ನೀರು, ಹಸಿರಿನ ನಡುವೆ, ಸಮಾನ ಮನಸ್ಕರ ಜೊತೆ ಬದುಕು.'

ಬ್ರೀಫ್ ಪಕ್ಕಕ್ಕಿಟ್ಟು ನಾನು ಮೊದಲು ತೆರೆದದ್ದು ಕರ್ನಾಟಕ ರೇರಾದ ಜಾಲತಾಣ. 2016ರ ರಿಯಲ್ ಎಸ್ಟೇಟ್ ಕಾಯ್ದೆಯ ಪ್ರಕಾರ, ನೋಂದಣಿ ಕಡ್ಡಾಯವಿರುವ ಪ್ರಾಜೆಕ್ಟನ್ನು ನೋಂದಾಯಿಸದೆ ಜಾಹೀರಾತು ಮಾಡುವ ಹಾಗೇ ಇಲ್ಲ. ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಮತ್ತು ಪ್ರಾಧಿಕಾರದ ಜಾಲತಾಣದ ವಿಳಾಸ ಎದ್ದು ಕಾಣಬೇಕು. ಆ ಸಂಖ್ಯೆ ಹಾಕಿ ಹುಡುಕಿದರೆ ಮಂಜೂರಾದ ನಕ್ಷೆ, ಮನೆಗಳ ಕಾರ್ಪೆಟ್ ಏರಿಯಾ, ಕೆಲಸ ಮುಗಿಸುವುದಾಗಿ ಬಿಲ್ಡರ್ ಘೋಷಿಸಿದ ದಿನಾಂಕ ಸಿಗುತ್ತೆ. ನನ್ನ ಸ್ಕ್ರಿಪ್ಟಿನ ಪ್ರತಿ ಸಾಲಿಗೂ ಇಲ್ಲೊಂದು ಆಧಾರ ಇರಬೇಕು, ಇಲ್ಲವೇ ನಾನೇ ಹೋಗಿ ಅಳೆದು ನೋಡಿರಬೇಕು. ಎರಡೂ ಇಲ್ಲದ ಸಾಲನ್ನು ಬರೆಯಲ್ಲ.

ಇದು ಬರೀ ನೀತಿಯ ಮಾತಲ್ಲ. ಆ ಕಾಯ್ದೆಯ 12ನೇ ಸೆಕ್ಷನ್ ಇದಕ್ಕೇ ಇರೋದು. ಜಾಹೀರಾತಿನಲ್ಲಿ ಅಥವಾ ಮಾದರಿ ಮನೆಯಲ್ಲಿ ಹೇಳಿದ ಸುಳ್ಳನ್ನು ನಂಬಿ ಮುಂಗಡ ಕೊಟ್ಟು ನಷ್ಟ ಅನುಭವಿಸಿದವರಿಗೆ ಬಿಲ್ಡರ್ ಪರಿಹಾರ ಕೊಡಬೇಕು. ಕೊಂಡವರು ಹಿಂದೆ ಸರಿಯಲು ಬಯಸಿದರೆ ಕಟ್ಟಿದ ಪೂರ್ತಿ ಹಣವನ್ನು ಬಡ್ಡಿ, ಪರಿಹಾರದ ಜೊತೆ ವಾಪಸ್ ಮಾಡಬೇಕು. ಜಾಹೀರಾತು ಅಂದರೆ ಯಾವುದೇ ಮಾಧ್ಯಮದಲ್ಲಿ ಬಂದದ್ದು ಅಂತ ಕಾಯ್ದೆ ಹೇಳುತ್ತೆ. ವಿಡಿಯೋದ ದನಿಯೂ ಅದರೊಳಗೇ ಬರುತ್ತೆ. ನಾನು ಬರೆಯೋದು ಕವಿತೆಯಲ್ಲ, ಒಂದು ರೀತಿ ಹೇಳಿಕೆ. ಬಿಲ್ಡರ್ ಕಡೆಯವರ ಜೊತೆ ಮಾತಾಡುವಾಗ ನನಗೆ ಅತಿ ಹೆಚ್ಚು ನೆರವಾಗಿದ್ದೂ ಇದೇ ಸೆಕ್ಷನ್.

ಜಾಗ: 'ವಿಶಾಲ' ಅನ್ನೋ ಪದವನ್ನು ತೆಗೆದುಹಾಕಿ

ಬ್ರೀಫ್‌ನ 1,180 ಚದರಡಿ ಸೂಪರ್ ಬಿಲ್ಟ್‌ಅಪ್. ಅಂದರೆ ಲಿಫ್ಟು, ಮೆಟ್ಟಿಲು, ಲಾಬಿ, ಕ್ಲಬ್‌ಹೌಸುಗಳಲ್ಲಿ ನಿಮ್ಮ ಪಾಲಿನದ್ದೂ ಸೇರಿದ ಲೆಕ್ಕ. ರೇರಾ ಪುಟದಲ್ಲಿದ್ದ ಕಾರ್ಪೆಟ್ ಏರಿಯಾ 790 ಚದರಡಿ. ಕಾರ್ಪೆಟ್ ಅಂದರೆ ಮನೆಯೊಳಗೆ ಬಳಸಲು ಸಿಗುವ ನೆಲ. ಒಳಗಿನ ಅಡ್ಡಗೋಡೆಗಳು ಅದರಲ್ಲಿ ಸೇರುತ್ತವೆ, ಹೊರಗೋಡೆ, ಬಾಲ್ಕನಿ ಸೇರಲ್ಲ. ನಿಮ್ಮ ಕಾಲು ಓಡಾಡೋದು ಈ 790ರಲ್ಲಿ. ಹಾಗಾಗಿ ದನಿ ಮೊದಲು ಹೇಳಬೇಕಾದ ಅಂಕಿಯೂ ಇದೇ.

ಆದರೆ ಚದರಡಿ ಅನ್ನೋದು ಕಿವಿಗೆ ಬೀಳುವ ಪದ, ಮನಸ್ಸಿಗೆ ಚಿತ್ರ ಕೊಡಲ್ಲ. '790' ಅಂದ ತಕ್ಷಣ ಕೋಣೆ ಕಣ್ಣಿಗೆ ಕಟ್ಟಲ್ಲ. ಅದಕ್ಕೆ ನಾನು ಬಳಸೋ ಉಪಾಯ, ಕೋಣೆಯನ್ನು ಸಾಮಾನಿನಿಂದ ಅಳೆಯೋದು. ಈ ಮನೆಯ ಎರಡನೇ ಬೆಡ್‌ರೂಮ್ 10 ಅಡಿ ಅಗಲ, 11 ಅಡಿ ಉದ್ದ. ಉದ್ದದ ದಿಕ್ಕಿಗೆ ಆರೂವರೆ ಅಡಿಯ ಮಂಚ ಹಾಕಿ, ಅದರ ಕಾಲ್ದೆಸೆಯ ಗೋಡೆಗೆ ಎರಡಡಿ ಆಳದ ವಾರ್ಡ್‌ರೋಬ್ ಕೂರಿಸಿದರೆ ಎಂಟೂವರೆ ಅಡಿ ಹೋಯ್ತು. ಮಧ್ಯೆ ಉಳಿಯೋದು ಎರಡೂವರೆ ಅಡಿ. ವಾರ್ಡ್‌ರೋಬಿನ ಬಾಗಿಲು ತೆರೆದರೆ ಅಲ್ಲಿ ಇನ್ನೊಬ್ಬರು ನಿಲ್ಲೋದು ಕಷ್ಟ. ಜಾರುಬಾಗಿಲು ಹಾಕಿಸಿದರೆ ಸಲೀಸು.

ಮೊದಲಿನ ನಾನಾಗಿದ್ದರೆ ಬರೀತಿದ್ದ ಸಾಲು: "ನಿಮ್ಮ ಕನಸುಗಳಿಗೆ ರೆಕ್ಕೆ ಕೊಡುವ ವಿಶಾಲವಾದ ಬೆಡ್‌ರೂಮ್."

ಈಗ ಬರೆದದ್ದು: "ಇದು ಎರಡನೇ ಬೆಡ್‌ರೂಮ್. ಹತ್ತು ಅಡಿಗೆ ಹನ್ನೊಂದು. ಡಬಲ್ ಮಂಚ, ಒಂದು ವಾರ್ಡ್‌ರೋಬ್ ಹಿಡಿಸುತ್ತೆ. ವಾರ್ಡ್‌ರೋಬಿಗೆ ಜಾರುಬಾಗಿಲು ಹಾಕಿಸಿದರೆ ಓಡಾಡೋಕೆ ಅನುಕೂಲ. ಕಿಟಕಿ ಪಶ್ಚಿಮಕ್ಕಿದೆ. ಮಧ್ಯಾಹ್ನದ ಮೇಲೆ ಬಿಸಿಲು ಬರುತ್ತೆ, ಪರದೆ ಬೇಕಾಗುತ್ತೆ."

ಎರಡನ್ನೂ ಗಟ್ಟಿಯಾಗಿ ಓದಿ ನೋಡಿ. ಎರಡನೆಯದರಲ್ಲಿ ಬೈಗುಳ ಇಲ್ಲ, ಮನೆಯನ್ನು ಹೀಗಳೆದಿಲ್ಲ. ಆ ಕೋಣೆಯಲ್ಲಿ ಆಗಲೇ ನಾಲ್ಕು ದಿನ ಮಲಗಿ ಎದ್ದ ನೆಂಟರೊಬ್ಬರು ಹೇಳಿದ ಹಾಗಿದೆ. ಆ ದನಿಯನ್ನೇ ನಾನು ಹುಡುಕೋದು.

ಇನ್ನೊಂದು ಮಾತು, ವೇಗದ ಬಗ್ಗೆ. ಕನ್ನಡದ ಪದಗಳು ಉದ್ದ. 'ಹಿಡಿಸುವಂತಿದೆಯಾದರೂ' ಅನ್ನೋದು ಒಂದೇ ಪದ. ನಿಮಿಷಕ್ಕೆ ಸುಮಾರು ನೂರು ಪದ ದಾಟಿದರೆ ಕೇಳುವವರಿಗೆ ಉಸಿರುಗಟ್ಟುತ್ತೆ. ಮೂರು ನಿಮಿಷ ಅಂದರೆ ಮುನ್ನೂರು ಪದ ಅಲ್ಲ. ಮೂರನೇ ಒಂದು ಭಾಗ ಸುಮ್ಮನಿರಬೇಕು, ನೋಡುಗರು ಕೋಣೆ ನೋಡಲಿ ಅಂತ. ಹಾಗಾಗಿ ನನಗೆ ಸಿಗೋದು ಇನ್ನೂರು ಪದ. ಅದರಲ್ಲಿ 'ವಿಶ್ವದರ್ಜೆಯ', 'ಅತ್ಯಾಧುನಿಕ' ಅಂತ ಹತ್ತು ಪದ ಹಾಕಿದರೆ ಹತ್ತು ಪದದಷ್ಟು ನಿಜ ಹೊರಗುಳಿಯುತ್ತೆ.

ಕಾಲ: 'ಬರುತ್ತೆ' ಅನ್ನೋ ಪದದೊಳಗಿನ ಮೋಸ

ಎಲ್ಲಕ್ಕಿಂತ ಹುಷಾರಾಗಿರಬೇಕಾದ ಜಾಗ ಇದು. ಆಡುಗನ್ನಡದಲ್ಲಿ 'ಬರುತ್ತೆ' ಅಂದರೆ ಎರಡು ಅರ್ಥ. 'ನಮ್ಮ ಬೀದಿಗೆ ದಿನಾ ಹಾಲು ಬರುತ್ತೆ' ಅಂದರೆ ಈಗ ಬರ್ತಿದೆ. 'ಮುಂದಿನ ವರ್ಷ ಹೊಸ ರಸ್ತೆ ಬರುತ್ತೆ' ಅಂದರೆ ಇನ್ನೂ ಬಂದಿಲ್ಲ. ಈಗ ಈ ಸಾಲು ಕೇಳಿ: "ಇಲ್ಲಿಗೆ ಕಾವೇರಿ ನೀರು ಬರುತ್ತೆ." ಈಗಲೋ, ಮುಂದೆಯೋ? ಹೇಳಿದವನು ಸುಳ್ಳು ಹೇಳಿಲ್ಲ, ಕೇಳಿದವಳು ತಪ್ಪು ತಿಳಿದಿಲ್ಲ, ಆದರೂ ಮೋಸ ಆಗಿಹೋಗಿದೆ.

ಕಾವೇರಿ 5ನೇ ಹಂತದ ಯೋಜನೆ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯ್ತು. ದಿನಕ್ಕೆ 775 ದಶಲಕ್ಷ ಲೀಟರ್, ಹೊರವಲಯದ 110 ಹಳ್ಳಿಗಳಿಗೆ ಅನ್ನೋದು ಅದರ ಲೆಕ್ಕ. ಆದರೆ ಯೋಜನೆ ಉದ್ಘಾಟನೆ ಆಗೋದು ಬೇರೆ, ನಿರ್ದಿಷ್ಟ ಕಟ್ಟಡಕ್ಕೆ ಸಂಪರ್ಕ ಸಿಕ್ಕಿ ನಲ್ಲಿಯಲ್ಲಿ ನೀರು ಸುರಿಯೋದು ಬೇರೆ. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗಾಗಿ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾನು ಕೇಳಿದಾಗ ಈ ಪ್ರಾಜೆಕ್ಟಿನವರು ಕೊಟ್ಟ ಉತ್ತರ: ಎರಡು ಬೋರ್‌ವೆಲ್ ಇದೆ, ಕಾವೇರಿ ಸಂಪರ್ಕಕ್ಕೆ ಅರ್ಜಿ ಹಾಕ್ತೀವಿ. ಇದನ್ನೇ '24 ಗಂಟೆ ನೀರು' ಅಂತ ಬ್ರೀಫ್ ಹೇಳಿತ್ತು.

ಅದಕ್ಕೇ ನಾನು ಕ್ರಿಯಾಪದಗಳನ್ನು ಮೂರು ಡಬ್ಬಿಯಲ್ಲಿ ಇಡ್ತೀನಿ. ಸೈಟ್‌ಗೆ ಹೋಗಿ ಕಣ್ಣಾರೆ ಕಂಡದ್ದಕ್ಕೆ ಮಾತ್ರ 'ಇದೆ'. ಬಿಲ್ಡರ್ ತಾನೇ ಕಟ್ಟಿಕೊಡಬೇಕಾದ್ದು, ನೋಂದಣಿಯಲ್ಲಿ ಒಪ್ಪಿಕೊಂಡದ್ದು 'ಕಟ್ಟುತ್ತೇವೆ', ಅದರ ಜೊತೆ ತಿಂಗಳು, ವರ್ಷ. ಸರ್ಕಾರವೋ ಜಲಮಂಡಳಿಯೋ ಮೆಟ್ರೋ ನಿಗಮವೋ ಮಾಡಬೇಕಾದ್ದಕ್ಕೆ ಅವರ ಹೆಸರು ಹೇಳಿಯೇ ವಾಕ್ಯ. 'ಬರುತ್ತೆ' ಅನ್ನೋದನ್ನು ಮುಂದಾಗಲಿರುವ ಯಾವುದಕ್ಕೂ ಬಳಸಲ್ಲ. ಬಿಸಿಲಿಗೆ ಬಳಸಬಹುದು, ಅದು ದಿನಾ ಬರುತ್ತೆ.

ನೀರಿನ ಸಾಲು ಹೀಗಾಯ್ತು: "ಸದ್ಯಕ್ಕೆ ನೀರಿನ ಮೂಲ ಎರಡು ಬೋರ್‌ವೆಲ್. ಕಾವೇರಿ ಸಂಪರ್ಕ ಜಲಮಂಡಳಿಯಿಂದ ಸಿಗಬೇಕು, ಇನ್ನೂ ಸಿಕ್ಕಿಲ್ಲ."

ಮೆಟ್ರೋ ಸಾಲಿಗೆ ನಾನೇ ಎರಡು ಸಲ ಹೋಗಿ ನೋಡಿದೆ. ನಿಲ್ದಾಣಕ್ಕೆ 2.3 ಕಿ.ಮೀ. ಭಾನುವಾರ ಬೆಳಗ್ಗೆ ಆರಕ್ಕೆ ಬೈಕಿನಲ್ಲಿ ಆರು ನಿಮಿಷ. ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಆಟೋದಲ್ಲಿ 14 ನಿಮಿಷ. ಬ್ರೀಫ್‌ನ '5 ನಿಮಿಷ' ಎಲ್ಲಿಂದ ಬಂತು ಅಂತ ಅರ್ಥವಾಯ್ತಲ್ಲ? ಯಾರೂ ಕೆಲಸಕ್ಕೆ ಹೋಗದ ಹೊತ್ತಿನಲ್ಲಿ ಅಳೆದದ್ದು. ಬರೆದದ್ದು: "ಮೆಟ್ರೋ ನಿಲ್ದಾಣ 2.3 ಕಿಲೋಮೀಟರ್. ಬೆಳಗ್ಗೆ ಒಂಬತ್ತರ ಟ್ರಾಫಿಕ್‌ನಲ್ಲಿ ಆಟೋದಲ್ಲಿ ಹದಿನೈದು ನಿಮಿಷ ಇಟ್ಟುಕೊಳ್ಳಿ." ಇದನ್ನು ಬರೆಯುವಾಗ ಚಿಕ್ಕಮ್ಮ ನೆನಪಾದರು ಅಂತ ಬೇರೆ ಹೇಳಬೇಕಿಲ್ಲ.

ಬದುಕು: ಯಾರ ಜೀವನಶೈಲಿ ಇದು?

ಅಳತೆ, ಕಾಲ ಎರಡನ್ನೂ ಸರಿಮಾಡಬಹುದು. 'ಲೈಫ್‌ಸ್ಟೈಲ್' ಅನ್ನೋ ಭಾಗ ಬಂದಾಗ ನಿಜವಾದ ಜಗಳ ಶುರು. ಯಾಕಂದ್ರೆ ಅಲ್ಲಿ ಮಾರ್ತಿರೋದು ಗೋಡೆಯನ್ನಲ್ಲ, ನೆರೆಯವರನ್ನ.

'ಸಮಾನ ಮನಸ್ಕರು' ಅನ್ನೋ ಪದ ನೋಡಿ. ಕೇಳೋಕೆ ಎಷ್ಟು ಮೆದು! ಆದರೆ ಮನಸ್ಸನ್ನು ಅಳೆಯುವ ಟೇಪು ಯಾವ ಬಿಲ್ಡರ್ ಹತ್ತಿರವೂ ಇಲ್ಲ. ಕೇಳುಗರು ಅದನ್ನು ತಮಗೆ ಬೇಕಾದ ಹಾಗೆ ಅನುವಾದ ಮಾಡಿಕೊಳ್ತಾರೆ: ನಮ್ಮಂಥ ಜಾತಿ, ನಮ್ಮಂಥ ಊಟ, ನಮ್ಮಂಥ ದೇವರು. 'ಸಸ್ಯಾಹಾರಿ ವಾತಾವರಣ' ಅನ್ನೋದಂತೂ ಅನುವಾದವೇ ಬೇಡದ ಭಾಷೆ. ಬಾಡಿಗೆ ಮನೆ ಹುಡುಕುವಾಗ "ನೀವು ಯಾವ ಜನ?" ಅಂತ ಕೇಳಿಸಿಕೊಂಡವರಿಗೆ ಈ ಪದಗಳ ಬೆನ್ನಿಗೆ ಏನಿದೆ ಅಂತ ಗೊತ್ತು. ನಾನು ಈ ಸಾಲನ್ನು ಬರೆಯಲ್ಲ ಅಂತ ಮೊದಲೇ ಹೇಳಿಬಿಟ್ಟೆ. ಅದರ ಬದಲು ನೆರೆಹೊರೆಯ ಬಗ್ಗೆ ಹೇಳಬಹುದಾದ ನಿಜ ಒಂದೇ: "ಇಲ್ಲಿ 180 ಮನೆ ಇರುತ್ತೆ." ಎಷ್ಟು ಮನೆಗೆ ಎಷ್ಟು ಲಿಫ್ಟು, ಈಜುಕೊಳ ಎಷ್ಟು ಜನಕ್ಕೆ ಹಂಚಿಹೋಗುತ್ತೆ ಅನ್ನೋದನ್ನೆಲ್ಲ ಆ ಅಂಕಿಯಿಂದಲೇ ನೋಡುಗರು ಲೆಕ್ಕ ಹಾಕಬಹುದು.

ಈಜುಕೊಳಕ್ಕೂ ಒಂದು ಸಾಲು ಸೇರಿಸಿದೆ. ತಿಂಗಳ ನಿರ್ವಹಣಾ ವೆಚ್ಚ ಚದರಡಿಗೆ ನಾಲ್ಕೂವರೆ ರೂಪಾಯಿ ಅಂತ ಅವರೇ ಅಂದಾಜಿಸಿದ್ದರು. ಆ ಲೆಕ್ಕ ಮಾತ್ರ 790ಕ್ಕಲ್ಲ, 1,180ಕ್ಕೆ. ಅಂದರೆ ತಿಂಗಳಿಗೆ 5,310 ರೂಪಾಯಿ. ಈಜಿದರೂ ಕಟ್ಟಬೇಕು, ಈಜದಿದ್ದರೂ ಕಟ್ಟಬೇಕು. ಇದನ್ನು ನೀಲಿ ನೀರಿನ ದೃಶ್ಯದ ಮೇಲೆಯೇ ಹೇಳಬೇಕು, ಕೊನೆಯ ಚಿಕ್ಕಕ್ಷರದಲ್ಲಲ್ಲ.

ಆಮೇಲೆ ನಾನು ಕೇಳಿದ ಪ್ರಶ್ನೆ: ಮನೆಗೆಲಸಕ್ಕೆ ಬರುವ ಹೆಂಗಸರಿಗೆ, ಸೆಕ್ಯುರಿಟಿಯವರಿಗೆ, ಡ್ರೈವರ್‌ಗಳಿಗೆ ಶೌಚಾಲಯ ಎಲ್ಲಿದೆ? ಮೂರು ನಿಮಿಷದ ಚಿತ್ರದಲ್ಲಿ ಕೆಲಸ ಮಾಡುವವರು ಒಬ್ಬರೂ ಇರಲಿಲ್ಲ. ಗಿಡಗಳು ತಾವೇ ನೀರು ಹಾಕಿಕೊಂಡಿದ್ದವು, ನೆಲ ತಾನೇ ಒರೆಸಿಕೊಂಡಿತ್ತು. ನಕ್ಷೆ ಬಿಚ್ಚಿ ಹುಡುಕಿದರೆ ಬೇಸ್‌ಮೆಂಟಿನ ಮೂಲೆಯಲ್ಲಿ ಎಲ್ಲರಿಗೂ ಸೇರಿ ಒಂದೇ ಒಂದು. ನಾನು ಬರೆದ ಸಾಲು: "ಇಲ್ಲಿ ಕೆಲಸಕ್ಕೆ ಬರುವವರಿಗೆ ಬೇಸ್‌ಮೆಂಟಿನಲ್ಲಿ ಒಂದು ಶೌಚಾಲಯ ಇರುತ್ತೆ." ಓದಿದ ಮಾರ್ಕೆಟಿಂಗ್ ಮುಖ್ಯಸ್ಥರು, "ಸರ್, ಇದು ಡಾಕ್ಯುಮೆಂಟರಿ ಅಲ್ಲ" ಅಂದರು.

ಸುಮ್ಮನಿರುವುದು ಯಾವಾಗ ಸುಳ್ಳಾಗುತ್ತೆ?

ನ್ಯಾಯವಾದ ಆಕ್ಷೇಪವೇ. ಇನ್ನೂರು ಪದದಲ್ಲಿ ಎಲ್ಲವನ್ನೂ ಹೇಳೋಕಾಗಲ್ಲ. ಹಾಗಾದರೆ ಏನನ್ನು ಬಿಡಬಹುದು? ನಾನು ಇಟ್ಟುಕೊಂಡಿರೋ ನಿಯಮ ಇಷ್ಟು: ಚಿತ್ರ ಸುಮ್ಮನಿದ್ದಲ್ಲಿ ದನಿಯೂ ಸುಮ್ಮನಿರಬಹುದು. ಚಿತ್ರ ಸುಳ್ಳು ಹೇಳುತ್ತಿರುವಾಗ ದನಿ ಸುಮ್ಮನಿದ್ದರೆ ಅದು ಶಾಮೀಲು.

ಈ ಪ್ರಾಜೆಕ್ಟಿನಲ್ಲಿ ಅಂಥದ್ದೊಂದು ದೃಶ್ಯ ಇತ್ತು. ಎರಡನೇ ಟವರಿನ ಪಕ್ಕ ಉದ್ದಕ್ಕೂ ಹಸಿರು ಹುಲ್ಲುಹಾಸು, ಅದರ ಮೇಲೆ ಅಜ್ಜ ಮೊಮ್ಮಗಳು ನಡೀತಿದ್ದಾರೆ. ಸೈಟ್‌ಗೆ ಹೋಗಿ ನೋಡಿದರೆ ಆ ಜಾಗದಲ್ಲಿ ಹರಿಯುತ್ತಿರೋದು ರಾಜಕಾಲುವೆ. ಮಳೆಗಾಲದಲ್ಲಿ ಅದು ಏನು ಮಾಡಬಲ್ಲದು ಅಂತ ಬೆಂಗಳೂರಿನ ಪೂರ್ವ ಭಾಗದವರಿಗೆ 2022ರ ಸೆಪ್ಟೆಂಬರ್‌ನಲ್ಲಿ ಚೆನ್ನಾಗಿ ಗೊತ್ತಾಗಿದೆ. ಇಲ್ಲಿ 'ಹಸಿರಿನ ನಡುವೆ' ಅಂತ ಬರೆಯದೆ ಬಿಟ್ಟರೆ ಸಾಲದು. ಚಿತ್ರವೇ ಬದಲಾಗಬೇಕು, ಇಲ್ಲವೇ ದನಿ 'ರಾಜಕಾಲುವೆ' ಅನ್ನೋ ಪದವನ್ನು ಉಚ್ಚರಿಸಬೇಕು. ಎರಡೂ ಆಗದಿದ್ದರೆ ಬರೆಯಲ್ಲ ಅಂದೆ. ಜೊತೆಗೆ 12ನೇ ಸೆಕ್ಷನ್ನಿನ ಪ್ರತಿಯನ್ನೂ ಮೇಲ್‌ನಲ್ಲಿ ಕಳಿಸಿದೆ.

ಎರಡು ವಾರ ಎಳೆದಾಡಿದ ಮೇಲೆ ಸಿಕ್ಕಿದ್ದು, ಬಿಟ್ಟಿದ್ದು ಇಷ್ಟು. ಹುಲ್ಲುಹಾಸು ಹೋಗಿ ಅಲ್ಲಿ ಕಾಂಪೌಂಡ್ ಗೋಡೆ ಮತ್ತು ಅದರಾಚೆಯ ಕಾಲುವೆ ಬಂತು. 790 ಚದರಡಿ, 2.3 ಕಿಲೋಮೀಟರ್ ಉಳಿದವು. ನೀರಿನ ಸಾಲಿನಲ್ಲಿ 'ಇನ್ನೂ ಸಿಕ್ಕಿಲ್ಲ' ಅನ್ನೋದನ್ನು ಕತ್ತರಿಸಿ 'ಜಲಮಂಡಳಿಯಿಂದ ಸಿಗಬೇಕು' ಅಷ್ಟನ್ನೇ ಉಳಿಸಿದರು. ಅರ್ಥ ಉಳಿದಿದೆ ಅಂತ ಒಪ್ಪಿಕೊಂಡೆ. 5,310 ರೂಪಾಯಿ ದನಿಯಿಂದ ಹೋಗಿ ತೆರೆಯ ಮೇಲಿನ ಅಕ್ಷರವಾಯ್ತು, ಆದರೆ ಓದೋಕಾಗುವಷ್ಟು ದೊಡ್ಡದಾಗಿ. ಶೌಚಾಲಯದ ಸಾಲು ಹೋಯ್ತು. ಅದನ್ನು ಉಳಿಸಿಕೊಳ್ಳೋಕೆ ನನ್ನಿಂದಾಗಲಿಲ್ಲ. ಬೇಸ್‌ಮೆಂಟಿನಲ್ಲಿ ಇನ್ನೊಂದು ಕಟ್ಟಿಸಿ ಅಂತ ಮೇಲ್‌ನಲ್ಲಿ ಬರೆದದ್ದಕ್ಕೆ ಉತ್ತರ ಬಂದಿಲ್ಲ.

ಈ ಕೆಲಸಕ್ಕೆ ಮಿತಿಯೂ ಇದೆ. ರೇರಾ ಪುಟದಲ್ಲಿ ಹಾಕಿದ ನಕ್ಷೆಯ ಹಾಗೆಯೇ ಕಟ್ಟುತ್ತಾರಾ, ಹೇಳಿದ ತಿಂಗಳಿಗೆ ಮುಗಿಸುತ್ತಾರಾ ಅನ್ನೋದನ್ನು ನನ್ನ ಇನ್ನೂರು ಪದ ಖಾತ್ರಿ ಮಾಡಲ್ಲ. ಅವರು ಕೊಟ್ಟ ಮಾತನ್ನು, ಕೊಟ್ಟಷ್ಟೇ ಅಳತೆಯಲ್ಲಿ, ಕೊಟ್ಟ ಕಾಲದಲ್ಲೇ ದಾಖಲು ಮಾಡೋದಷ್ಟೇ ನನ್ನ ಕೆಲಸ. ನಾಳೆ ಮಾತು ತಪ್ಪಿದರೆ ಕೊಂಡವರ ಕೈಯಲ್ಲಿ ಮಬ್ಬು ಮಬ್ಬಾದ 'ಕನಸಿನ ಮನೆ' ಬದಲು ಒಂದು ಅಂಕಿ, ಒಂದು ದಿನಾಂಕ ಇರುತ್ತೆ.

ನಿಮ್ಮ ಅಪ್ಪ ಅಮ್ಮನೋ, ನೀವೋ ಮುಂದಿನ ಸಲ ಇಂಥ ವಿಡಿಯೋ ನೋಡುವಾಗ ಒಂದು ಸಣ್ಣ ಪ್ರಯೋಗ ಮಾಡಿ. ಕಣ್ಣು ಮುಚ್ಚಿ ಬರೀ ದನಿ ಕೇಳಿ. ಎಷ್ಟು ಅಂಕಿ ಬಂತು, 'ಇದೆ' ಎಷ್ಟು ಸಲ ಬಂತು, 'ಬರುತ್ತೆ' ಎಷ್ಟು ಸಲ ಬಂತು ಅಂತ ಬೆರಳು ಮಡಚಿ ಎಣಿಸಿ. ಆಮೇಲೆ ನೋಂದಣಿ ಸಂಖ್ಯೆ ಹಿಡಿದು ರೇರಾ ಪುಟ ತೆರೆಯಿರಿ. ವಿಡಿಯೋದ ಒಂದು ಪ್ರತಿಯನ್ನು ಫೋನಿನಲ್ಲಿ ಇಟ್ಟುಕೊಳ್ಳಿ, ಬೇಕಾಗಬಹುದು.

ಈ ವಿಡಿಯೋ ಹೊರಬಂದ ಮೇಲೆ ಚಿಕ್ಕಮ್ಮನಿಗೆ ಕಳಿಸಿದೆ. ಪೂರ್ತಿ ನೋಡಿ ಫೋನ್ ಮಾಡಿದರು. "ಈ ಸಲ ಸರಿಯಾಗಿ ಹೇಳಿದ್ದೀಯ. ನಮ್ದಕ್ಕೂ ಹೀಗೇ ಹೇಳಿದ್ದಿದ್ರೆ ನಾನು ಆ ಮೊದಲ್ನೇ ಮಹಡಿ ಮನೆ ನೋಡಿದ್ನಲ್ಲ, ಸ್ಟೇಷನ್ ಪಕ್ಕದ್ದು, ಅದನ್ನೇ ತಗೋತಿದ್ದೆ ಕಣೋ" ಅಂದರು.